ಬಸವನಹುಳುವಿನ ಐದು ಸುತ್ತು

ಕಸುಬಿನವರೆಲ್ಲ ಸೇರಿ ನಮ್ಮನೆಯವರಿಗೆ ಇಟ್ಟ ಹೆಸರು 'ಬೇಡಪ್ಪ'. ಹಚ್ಚೆ ಹಾಕುವ ಅಂಗಡಿ ಇಟ್ಟುಕೊಂಡು, ಬಂದ ಗಿರಾಕಿಗೆ ಮೊದಲ ಮಾತೇ 'ಬೇಡಪ್ಪ' ಎನ್ನುವವರು ಲೋಕದಲ್ಲಿ ಇವರೊಬ್ಬರೇ ಇರಬೇಕು. ಹೆಂಗಸರು ಬಂದರೆ 'ಬೇಡಮ್ಮ', ಅಷ್ಟೇ ವ್ಯತ್ಯಾಸ. ನಾನು ಮುಂದಿನ ಮೇಜಿನಲ್ಲಿ ಕೂತು ಫೋನು ನೋಡಿಕೊಳ್ಳುತ್ತೇನೆ, ಬಂದವರನ್ನು ಕೂರಿಸುತ್ತೇನೆ, ಮುಖ ಊದಿಸಿಕೊಂಡು ಹೋಗುವವರನ್ನು ಸಮಾಧಾನ ಮಾಡುತ್ತೇನೆ. ಮೂರನೆಯದೇ ಹೆಚ್ಚಿನ ಕೆಲಸ.

ಅಂಗಡಿ ಇರುವುದು ಕನ್ನಡಕದ ಅಂಗಡಿಗೂ ಇಸ್ತ್ರಿ ಅಂಗಡಿಗೂ ನಡುವೆ. ಎರಡು ಕೋಣೆ. ಮುಂದೆ ನನ್ನ ಮೇಜು, ಒಂದು ಬೆಂಚು, ಗಾಜಿನ ಬಾಗಿಲು. ಹಿಂದೆ ಕೈತೊಳೆಯುವ ಬೇಸಿನ್ನು, ಮಡಚುವ ಕೈಯಿರುವ ದೀಪ, ಮತ್ತು ಹಿಂದಕ್ಕೆ ಒರಗುವ ಒಂದು ಕುರ್ಚಿ. ಆ ಕುರ್ಚಿ ಒಬ್ಬ ಹಲ್ಲಿನ ಡಾಕ್ಟರು ಕ್ಲಿನಿಕ್ಕು ಮುಚ್ಚಿದಾಗ ಅವರಿಂದ ಕೊಂಡದ್ದು. ಅದರಲ್ಲಿ ಕೂತ ಕೂಡಲೇ ಕೆಲವರು ತಾವಾಗಿಯೇ ಬಾಯಿ ತೆರೆಯುತ್ತಾರೆ. ನಮ್ಮನೆಯವರು 'ಬಾಯಲ್ಲಿ ಅಲ್ಲ, ಕೈಯಲ್ಲಿ' ಎನ್ನುತ್ತಾರೆ. ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ.

ಇವರು ಮೊದಲು ಕೆತ್ತುತ್ತಿದ್ದದ್ದು ಬಹುಮಾನದ ಕಪ್ಪುಗಳ ಮೇಲೆ. ಓಟದಲ್ಲಿ ಗೆದ್ದವರು, ಭಾಷಣದಲ್ಲಿ ಗೆದ್ದವರು, ಇಪ್ಪತ್ತು ವರ್ಷ ಒಂದೇ ಕುರ್ಚಿಯಲ್ಲಿ ಕೂತು ನಿವೃತ್ತರಾದವರು, ಎಲ್ಲರ ಹೆಸರೂ ಇವರ ಕೈಕೆಳಗೆ ಹಾದುಹೋಗಿದೆ. ಆಮೇಲೆ ಆ ಕೆಲಸಕ್ಕೆ ಕಂಪ್ಯೂಟರು ಬಂತು. ಇವರು ಗುಂಯ್‌ಗುಡುವ ಒಂದು ಮಷೀನು ಬಿಟ್ಟು ಇನ್ನೊಂದು ಹಿಡಿದರು. 'ತಗಡಿಗೂ ಚರ್ಮಕ್ಕೂ ಏನು ವ್ಯತ್ಯಾಸ ರೀ' ಎಂದು ಆಗ ನಾನು ಕೇಳಿದ್ದೆ. 'ತಗಡು ಮುದಿಯಾಗಲ್ಲ' ಎಂದಿದ್ದರು. ನನ್ನ ಕಡೆ ನೋಡಿಕೊಂಡು ಹೇಳಿದ್ದರಿಂದ ಆವತ್ತು ನಾನು ಮಾತು ಬಿಟ್ಟಿದ್ದೆ.

ಈ ಮಾತನ್ನು ಇವರು ಕಲಿತದ್ದು ತಮ್ಮ ಕಾಲಿನಿಂದಲೇ. ಹೊಸದರಲ್ಲಿ ಹುಮ್ಮಸ್ಸು ತಡೆಯದೆ ತಮ್ಮ ಹಿಮ್ಮಡಿಯ ಪಕ್ಕ ತಾವೇ ಒಂದು ದಿಕ್ಸೂಚಿ ಹಾಕಿಕೊಂಡರು. ಅಂಗಿಯ ಗುಂಡಿಯಷ್ಟು ಚಿಕ್ಕದು, ಅದರೊಳಗೆ ಎಂಟು ಮುಳ್ಳು, ನಾಲ್ಕು ಅಕ್ಷರ. ಹಾಕಿದ ದಿನ ಊರವರೆಲ್ಲ ಬಗ್ಗಿ ನೋಡಿದರು. ಈಗ ಅದು ಯಾರೋ ಮೆಟ್ಟಿದ ಜೇಡ. ಗಿರಾಕಿ ಹಠ ಹಿಡಿದರೆ ಇವರು ಮಾತಾಡದೆ ಪ್ಯಾಂಟು ಮೇಲೆತ್ತಿ ಕಾಲು ಚಾಚುತ್ತಾರೆ. ಅರ್ಧ ಜನ ಚಿತ್ರ ದೊಡ್ಡದು ಮಾಡಿಸಲು ಒಪ್ಪುತ್ತಾರೆ. ಉಳಿದರ್ಧ ಜನ ಎದ್ದು ಬೇರೆ ಅಂಗಡಿಗೆ ಹೋಗುತ್ತಾರೆ. ಕನ್ನಡಕದ ಅಂಗಡಿಯವರು ಮಾತ್ರ ಯಾವಾಗಲೂ ಹೊಗಳುತ್ತಾರೆ, 'ನಿಮ್ಮ ಕಾಲು ನೋಡಿದವರೆಲ್ಲ ಕಣ್ಣು ಪರೀಕ್ಷೆಗೆ ನಮ್ಮ ಹತ್ತಿರ ಬರ್ತಾರೆ' ಎಂದು.

ಈಗಿನವರು ಯಾರೂ ಕಾಗದ ಹಿಡಿದು ಬರುವುದಿಲ್ಲ. ಫೋನಿನಲ್ಲಿ ಫೋಟೋ ತರುತ್ತಾರೆ, ಅಥವಾ ಮೊದಲೇ ಕಳಿಸುತ್ತಾರೆ. ಫೋಟೋ ನೋಡುವುದಕ್ಕೆ ನಮ್ಮನೆಯವರದೊಂದು ಕ್ರಮವಿದೆ. ಮೊದಲನೆಯದಾಗಿ, ಬೆರಳು ಅಗಲಿಸಿ ಚಿತ್ರ ದೊಡ್ಡದು ಮಾಡಬಾರದು. 'ನಿನ್ನ ಕೈಯನ್ನೂ ಹೀಗೆ ಎಳೆದು ದೊಡ್ಡದು ಮಾಡೋಕೆ ಆಗುತ್ತೇನಪ್ಪಾ?' ಎಂದು ಕೇಳುತ್ತಾರೆ. ಆಮೇಲೆ ಹಚ್ಚೆ ಹಸಿಯೋ ವಾಸಿಯೋ ನೋಡುತ್ತಾರೆ. ಜನ ಮೆಚ್ಚಿ ತರುವ ಫೋಟೋಗಳೆಲ್ಲ ಆಗತಾನೆ ಹಾಕಿ, ಒರೆಸಿ, ಚೆನ್ನಾದ ದೀಪದಡಿ ತೆಗೆದವು. ಗೆರೆ ಕೂದಲಿನಂತೆ ಇರುತ್ತದೆ. ಚರ್ಮ ಮಾಗಿದ ಮೇಲೆ, ಬಿಸಿಲು ಕಂಡ ಮೇಲೆ, ಆ ಮನುಷ್ಯನ ಮೈ ಒಂದು ಸುತ್ತು ಹೆಚ್ಚೋ ಕಡಿಮೆಯೋ ಆದ ಮೇಲೆ ತೆಗೆದ ಫೋಟೋವನ್ನು ಯಾರೂ ಊರಿಗೆಲ್ಲ ತೋರಿಸುವುದಿಲ್ಲ.

ಮೂರನೆಯದು ಜಾಗ. ಬೆರಳಿನ ಪಕ್ಕ, ಅಂಗೈ, ಪಾದದ ಅಂಚು ಎಂದರೆ ಇವರು ತಲೆಯೆತ್ತದೆ 'ಬೇಡ' ಎನ್ನುತ್ತಾರೆ. ಅಲ್ಲಿ ಚರ್ಮ ಸದಾ ತಿಕ್ಕಿ ಸವೆಯುವುದರಿಂದ ಶಾಯಿ ನಿಲ್ಲುವುದಿಲ್ಲ. ಮಣಿಕಟ್ಟಿನ ಮಡಿಕೆ, ಮೊಣಕೈಯ ಒಳಗುಳಿ, ಅವೂ ಬೇಡ. ಕೊನೆಗೆ ಗೆರೆಯ ನಡುವಿನ ಸಂದು. ಗೆರೆ ವರ್ಷ ಕಳೆದಂತೆ ದಪ್ಪಗಾಗುತ್ತದೆ, ಅದನ್ನು ಯಾರೂ ತಡೆಯಲಾಗದು. ಎರಡು ಗೆರೆಗಳ ನಡುವೆ ಜಾಗ ಬಿಟ್ಟಿದ್ದರೆ ಚಿತ್ರ ಉಳಿಯುತ್ತದೆ, ಇಲ್ಲದಿದ್ದರೆ ಎರಡೂ ಅಂಟಿಕೊಂಡು ಕಲೆಯಾಗುತ್ತದೆ. ಇದನ್ನು ತೋರಿಸಲು ಇವರು ಚಿತ್ರವನ್ನು ಹಾಕಬೇಕಾದಷ್ಟೇ ಅಳತೆಯಲ್ಲಿ ಟಿಶ್ಯೂ ಕಾಗದದ ಮೇಲೆ ಬರೆದು, ಒದ್ದೆ ಬೆರಳು ಒತ್ತಿ ಬಾಗಿಲಿಗೆ ಅಂಟಿಸುತ್ತಾರೆ. ಶಾಯಿ ಹರಡುವವರೆಗೆ ಗಿರಾಕಿ ಬೆಂಚಿನ ಮೇಲೆ ಕೂತು ನೋಡಬೇಕು. ಪ್ರೇಮಿಯ ಹೆಸರು ಚಿಕ್ಕದಾಗಿ ಬರೆಸಲು ಬಂದ ಹುಡುಗನೊಬ್ಬ ಅದು ಹರಡುವುದನ್ನು ನೋಡಿ, 'ಪರವಾಗಿಲ್ಲ ಸಾರ್, ಆಗ ಯಾರ ಹೆಸರು ಬೇಕಾದರೂ ಅಂತ ಹೇಳಬಹುದು' ಎಂದ. ಅವನನ್ನು ಇವರು ಹೊರಗೆ ಕಳಿಸಿದರು.

ಫೋಟೋದಲ್ಲಿ ಅಳತೆ ತಿಳಿಯುವುದು ಕಷ್ಟ. ಗಿರಾಕಿಗಳನ್ನು ಕೇಳಿದರೆ ಮೂರು ಸೆಂಟಿಮೀಟರಿಗೆ ಎರಡು ಎನ್ನುತ್ತಾರೆ, ಎರಡಕ್ಕೆ ನಾಲ್ಕು ಎನ್ನುತ್ತಾರೆ. ಹಾಗಾಗಿ ಇವರು ಕೇಳುವುದನ್ನೇ ಬಿಟ್ಟಿದ್ದಾರೆ. ಫೋಟೋದಲ್ಲಿ ಒಂದು ಉಗುರು ಕಂಡರೆ ಸಾಕು. 'ಉಗುರು ಇದ್ದ ಮೇಲೆ ಸ್ಕೇಲು ಯಾಕೆ?' ಎನ್ನುತ್ತಾರೆ. ಉಗುರಿನ ಅಗಲ ಇಷ್ಟು, ಚಿತ್ರ ಅದರ ಇಷ್ಟರಷ್ಟು, ಮುಗಿಯಿತು. ಇದು ಇವರ ಹೆಮ್ಮೆ. ತಪ್ಪಿದ್ದನ್ನು ನಾನೂ ನೋಡಿರಲಿಲ್ಲ.

ಇಷ್ಟೆಲ್ಲ ಬೇಡ ಎನ್ನುವ ಮನುಷ್ಯ ಒಬ್ಬರಿಗೆ ಮಾತ್ರ ಜನ್ಮದಲ್ಲಿ ಬೇಡ ಎಂದವರಲ್ಲ. ಅದು ನಮ್ಮ ಮಗಳು.

ಮಗಳು ಚಿಕ್ಕಂದಿನಲ್ಲಿ ಆನೆಗೆ ಐದು ಕಾಲು ಬರೆದರೆ, ಐದನೆಯದು ಬಹಳ ಚೆನ್ನಾಗಿ ಬಂದಿದೆ ಎಂದವರು ಇವರು. ಅವಳು ಗೀಚಿದ್ದೆಲ್ಲ ಸೊಗಸು. ಹೈಸ್ಕೂಲಿನಲ್ಲಿದ್ದಾಗ ಒಂದು ದಿನ ಅವಳು ಬೇಕೆಂದೇ ಕೆಟ್ಟದಾಗಿ ಒಂದು ಕುದುರೆ ಬರೆದಳು. ಕಣ್ಣು ಮುಚ್ಚಿಕೊಂಡು, ಎಡಗೈಯಲ್ಲಿ. ಒಯ್ದು ಅಪ್ಪನ ಮುಂದೆ ಹಿಡಿದಳು. 'ಆಹಾ, ಏನು ಓಟ! ಕಾಲು ನೆಲದ ಮೇಲೇ ಇಲ್ಲ' ಎಂದರು. ನಿಜವಾಗಿಯೂ ಇರಲಿಲ್ಲ, ಒಂದು ಕಾಲು ಬೆನ್ನಿನ ಮೇಲಿತ್ತು. ಮಗಳು ನಕ್ಕಳು. ಆದರೆ ಆವತ್ತಿನಿಂದ ಅಪ್ಪನಿಗೆ ಒಂದು ಚಿತ್ರವನ್ನೂ ತೋರಿಸಲಿಲ್ಲ. ಇವರು 'ಮಗಳಿಗೆ ಚಿತ್ರದ ಹುಚ್ಚು ಬಿಟ್ಟಿತು' ಎಂದುಕೊಂಡರು.

ಬಿಟ್ಟಿರಲಿಲ್ಲ. ಮಗಳು ಈಗ ಬೇರೆ ಊರಿನಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ದಿನವಿಡೀ ಜನರ ತೋಳಿಗೆ ಸೂಜಿ ಚುಚ್ಚುತ್ತಾಳೆ. ಸಂಜೆ ಒಬ್ಬ ಹೆಂಗಸಿನ ಹಚ್ಚೆ ಅಂಗಡಿಗೆ ಹೋಗಿ ಮತ್ತೆ ಸೂಜಿ ಹಿಡಿಯುವುದನ್ನು ಕಲಿಯುತ್ತಾಳೆ. ಮೊದಲು ರಬ್ಬರಿನ ಹಾಳೆಯ ಮೇಲೆ ಕಲಿತಳು, ಆಮೇಲೆ ತನ್ನ ತೊಡೆಯ ಮೇಲೆ. ಇದೆಲ್ಲ ನನಗೊಬ್ಬಳಿಗೇ ಗೊತ್ತಿತ್ತು. ಅಪ್ಪನಿಗೆ ಹೇಳಕೂಡದೆಂದು ಮಾತು ತೆಗೆದುಕೊಂಡಿದ್ದಳು.

ಒಂದು ದಿನ ಮಧ್ಯಾಹ್ನ ಊಟದ ಹೊತ್ತಿಗೆ ಅವಳ ಫೋನು ಬಂತು.

'ಅಮ್ಮಾ, ನಾಳೆ ಮೊದಲನೇ ಸಲ ಬೇರೆಯವರ ಮೈಮೇಲೆ ಹಾಕ್ತಿದ್ದೀನಿ. ನಮ್ಮ ಲ್ಯಾಬಿನ ವ್ಯಾನ್ ಡ್ರೈವರಣ್ಣಂಗೆ. ಇದು ಸರಿಯಾಗಿ ಬಂದ್ರೆ ಟೀಚರ್ ನನ್ನನ್ನ ಕೆಲಸಕ್ಕೆ ಇಟ್ಕೋತಾರೆ. ಕೆಟ್ಟರೆ ಮತ್ತೆ ರಬ್ಬರು.'

'ಒಳ್ಳೇದಾಗಲಿ ಕಣೇ.'

'ಚಿತ್ರ ಹೊರಗಿನೋರು ಒಬ್ಬರಿಗೆ ತೋರಿಸಿ ಬಾ ಅಂದಿದ್ದಾರೆ. ನನ್ನ ಗುರುತಿಲ್ಲದೋರಿಗೆ. ನಾನು ನಿಮ್ಮ ಅಂಗಡಿಗೆ ಕಳಿಸ್ತೀನಿ, ಬೇರೆ ಹೆಸರಲ್ಲಿ. ನೀನು ಸುಮ್ನೆ ಅಪ್ಪಂಗೆ ತೋರಿಸು.'

'ಊರಲ್ಲಿ ಬೇರೆ ಯಾರೂ ಸಿಗಲಿಲ್ವೇನೇ?'

'ನನಗೆ ಗೊತ್ತಿರೋರಲ್ಲಿ ಮುಲಾಜಿಲ್ಲದೆ ಹೇಳೋರು ಅಪ್ಪ ಒಬ್ಬರೇ ಅಮ್ಮ. ಊರಿಗೆಲ್ಲ ಹೇಳ್ತಾರೆ, ನನಗೆ ಮಾತ್ರ ಹೇಳಲ್ಲ. ಒಂದು ಸಲ ನನಗೂ ಹೇಳಲಿ.'

ಏನು ಹೇಳಲಿ? 'ಕಳಿಸು' ಎಂದೆ.

ಫೋಟೋ ಬಂತು. ಕಂಬದಂಥ ಒಂದು ತೋಳು. ಮಣಿಕಟ್ಟಿನ ಒಳಭಾಗದ ಮೇಲೆ ಒಂದು ಚೂರು ಕಾಗದ. ಅದು ಜಾರದಂತೆ ಮೂಲೆಯಲ್ಲಿ ಒಂದು ಹೆಬ್ಬೆರಳು ಒತ್ತಿ ಹಿಡಿದಿತ್ತು. ಕಾಗದದ ಮೇಲೆ ಒಂದು ಟೊಂಗೆ, ನಾಲ್ಕೈದು ಎಲೆ, ಟೊಂಗೆಯ ಮೇಲೆ ಹೋಗುತ್ತಿರುವ ಬಸವನಹುಳು. ಚಿಪ್ಪಿನಲ್ಲಿ ಸುರುಳಿ ಐದು ಸುತ್ತು. ಕೊಂಬಿನ ತುದಿಗಳಲ್ಲಿ ಸಾಸಿವೆಯಂಥ ಚುಕ್ಕೆ. ಕೆಳಗೆ ಬರಹ: 'ಸರ್, ಫೋಟೋದಲ್ಲಿ ಇರುವಷ್ಟೇ ಅಳತೆ, ಇದೇ ಜಾಗ. ನಾಳೆ ಹಾಕಬೇಕು. ಹೇಗೆ ಉಳಿಯುತ್ತೆ, ದಯವಿಟ್ಟು ನೇರವಾಗಿ ಹೇಳಿ.'

ನನ್ನ ಕಣ್ಣಿಗೆ ಚೆಂದವಾಗಿಯೇ ಕಂಡಿತು. ಆದರೆ ನನಗೆ ಐದು ಕಾಲಿನ ಆನೆಯೂ ಚೆಂದವೇ ಕಂಡಿತ್ತು. ಫೋನು ಹಿಡಿದು ಹಿಂದಿನ ಕೋಣೆಗೆ ಹೋದೆ. ಇವರು ಗ್ಲೌಸು ಹಾಕಿಕೊಂಡು ಮಷೀನಿಗೆ ಹೊಸ ಪ್ಲಾಸ್ಟಿಕ್ಕು ಸುತ್ತುತ್ತಿದ್ದರು. ನಾನು ಪರದೆ ತೋರಿಸುವುದು, ಇವರು ಹೇಳುವುದು, ನಾನು ಟೈಪು ಮಾಡುವುದು, ನಮ್ಮಲ್ಲಿ ಮೊದಲಿನಿಂದ ಹೀಗೇ.

'ಏನು ತೋಳೇ ಇದು!' ಎಂದರು. 'ಬರ್ಕೋ. ಜಾಗ ತಪ್ಪು. ಮಣಿಕಟ್ಟಿನ ಮಡಿಕೆಗೆ ಬಾಲ ತಾಗ್ತಿದೆ. ಎರಡು ಬೆರಳು ಮೇಲೆ ಹೋಗಲಿ. ಕೈ ಮಡಚಿ ಫೋಟೋ ತೆಗೆದಿದ್ದಾರೆ, ಹಾಗೇ ಚರ್ಮಕ್ಕೆ ಚಿತ್ರದ ಅಚ್ಚು ಒತ್ತಿದ್ರೆ ಕೈ ಇಳಿಬಿಟ್ಟಾಗ ಹುಳು ಸೊಟ್ಟಗಾಗುತ್ತೆ. ನಿಂತು, ಕೈ ಇಳಿಬಿಟ್ಟು, ಆಮೇಲೆ ಒತ್ತಲಿ. ಕೊಂಬಿನ ತುದಿ ಚುಕ್ಕೆ ಅಷ್ಟು ಸಣ್ಣದು ನಿಲ್ಲಲ್ಲ, ಒಂಚೂರು ದಪ್ಪ ಮಾಡಲಿ. ಎಲೆ ಯಾರು ಬರೆದದ್ದು? ಎಲೆಯಲ್ಲ ಅದು, ಚಪ್ಪಲಿ.'

ನಾನು 'ಚಪ್ಪಲಿ' ಎಂದೂ ಟೈಪು ಮಾಡಿದೆ. ಮಗಳು ಕೇಳಿದ್ದು ಇದನ್ನೇ ತಾನೇ. ಒಳಗೊಳಗೇ ಖುಷಿಯಾಯಿತು.

'ಸುರುಳಿ?' ಎಂದೆ.

ಇವರು ಕಣ್ಣು ಕಿರಿದು ಮಾಡಿದರು. 'ಹೆಬ್ಬೆರಳು ಇದೆಯಲ್ಲ. ಈ ಕಂಬದಂಥ ತೋಳಿನ ಮನುಷ್ಯಂಗೆ ಉಗುರು ಹದಿನೈದು ಮಿಲಿಮೀಟರಿಗೆ ಕಮ್ಮಿ ಇರಲ್ಲ. ಚಿಪ್ಪು ಉಗುರಿನ ಎರಡರಷ್ಟು. ಅಂದ್ರೆ ಮೂರು ಸೆಂಟಿಮೀಟರ್. ಐದು ಸುತ್ತಿಗೆ ಧಾರಾಳ. ಗೆರೆ ದಪ್ಪ ಆದ್ರೂ ನಡುವೆ ಚರ್ಮ ಕಾಣುತ್ತೆ. ಚಿಪ್ಪು ಹಾಗೇ ಇರಲಿ, ಮುಟ್ಟಬೇಡಿ ಅಂತ ಬರಿ.'

ಟೈಪು ಮಾಡಿದೆ. ಕಳಿಸಲು ಬೆರಳು ಇಟ್ಟವಳು ಹಾಗೇ ನಿಂತೆ. ಹೆಬ್ಬೆರಳು ಆ ತೋಳಿನವನದ್ದಲ್ಲ. ಒತ್ತಿ ಕತ್ತರಿಸಿದ ಉಗುರು, ಮೊಂಡು ತುದಿ, ಅದು ನನ್ನ ಮಗಳ ಬೆರಳು. ಅವಳಿಗೆ ನನ್ನ ಕೈ ಬಂದಿದೆ. ಬಳೆ ಅಂಗಡಿಯಲ್ಲಿ ನನಗೆ ಮಕ್ಕಳ ಬಳೆಯ ಪೆಟ್ಟಿಗೆ ತೆಗೆಯುತ್ತಾರೆ.

ಇವರು ಒಬ್ಬರ ಉಗುರು ಹಿಡಿದು ಇನ್ನೊಬ್ಬರ ತೋಳು ಅಳೆದಿದ್ದರು.

ಮುಂದಿನ ಮೇಜಿಗೆ ಬಂದು ಅಂಗಡಿಯ ಹೆಸರಿನಲ್ಲೇ ಒಂದು ಸಾಲು ಕಳಿಸಿದೆ: 'ಚಿಪ್ಪಿನ ಅಗಲ ಎಷ್ಟು?' ಕೂಡಲೇ ಉತ್ತರ ಬಂತು: 'ಎರಡು ಸೆಂಟಿಮೀಟರ್ ಸರ್.' ಬದುಕಿದೆ ಎಂದುಕೊಂಡು ಮತ್ತೆ ಒಳಗೆ ಹೋದೆ. ಗುಟ್ಟು ಗುಟ್ಟಾಗಿಯೇ ಉಳಿಯಿತು, ಕೆಲಸವೂ ಆಯಿತು.

'ರೀ, ಚಿಪ್ಪು ಎರಡೇ ಸೆಂಟಿಮೀಟರಂತೆ.'

'ಯಾರು ಹೇಳಿದ್ದು?'

'ಅವರೇ. ಅಳೆದು ಹೇಳಿದ್ದಾರೆ.'

'ಸುಳ್ಳು. ಸ್ಕೇಲಿನ ತುದಿಯಿಂದ ಅಳೆದಿರ್ತಾರೆ, ಸೊನ್ನೆಯಿಂದ ಅಳೆದಿರಲ್ಲ. ಉಗುರು ಇಲ್ಲೇ ಕೂತಿದೆಯಲ್ಲ ಕಣ್ಣೆದುರಿಗೆ. ಮೂರು.'

'ಅವರೇ ಎರಡು ಅಂತಿದ್ದಾರಲ್ರೀ.'

'ಗಿರಾಕಿ ಮಾತು ಕೇಳ್ಕೊಂಡು ಹಚ್ಚೆ ಹಾಕಿದ್ರೆ ಊರ ತುಂಬ ಜೇಡ ಓಡಾಡ್ತಿರುತ್ತೆ. ಕಳಿಸು.'

ಎರಡೇ ಆದರೆ ಏನಾಗುತ್ತದೆ ಎಂದು ಕೇಳಿದೆ. 'ಎರಡಾದ್ರೆ ಒಳಗಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತೆ. ಸುರುಳಿ ನಡುವಿಗೆ ಹೋದಷ್ಟೂ ಇಕ್ಕಟ್ಟು. ಕೆಲವು ವರ್ಷಕ್ಕೆ ಮುಚ್ಚಿಕೊಂಡು, ಹುಳು ಬೆನ್ನ ಮೇಲೆ ಕೋಟಿನ ಗುಂಡಿ ಹೊತ್ಕೊಂಡು ಹೋದಂಗೆ ಕಾಣುತ್ತೆ. ಆದ್ರೆ ಎರಡಲ್ಲ, ಮೂರು' ಎಂದು ಮತ್ತೆ ಪ್ಲಾಸ್ಟಿಕ್ಕು ಸುತ್ತತೊಡಗಿದರು.

ನನಗೆ ಪಿತ್ತ ನೆತ್ತಿಗೇರಿತು. ಇವರ ಹೆಮ್ಮೆಗೆ ಬೆಂಕಿ ಬೀಳಲಿ. ಸುಮ್ಮನಿದ್ದರೆ ನಾಳೆ ನನ್ನ ಮಗಳು ಅಪ್ಪನ ಮಾತು ನಂಬಿ ಆ ಪಾಪದ ಡ್ರೈವರನ ಮೈಮೇಲೆ ಜನ್ಮಕ್ಕಿಡೀ ಒಂದು ಗುಂಡಿ ಹೊಲಿಯುತ್ತಾಳೆ. ಬಾಯಿಬಿಟ್ಟರೆ ಅವಳು ಜೀವಮಾನದಲ್ಲಿ ಕೇಳಿದ ಒಂದೇ ಒಂದು ನೇರ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಎರಡರಲ್ಲಿ ಯಾವುದೂ ಬೇಕಿರಲಿಲ್ಲ. ಟ್ರಾಲಿಯ ಮೇಲಿದ್ದ ಸ್ಕೇಲು ತೆಗೆದು ಇವರ ಕೈಗೆ ತುರುಕಿ, ನನ್ನ ಹೆಬ್ಬೆರಳನ್ನು ಮುಖದ ಮುಂದೆ ಹಿಡಿದೆ.

'ಅಳೆಯಿರಿ.'

'ನಿಂದ್ಯಾಕೆ?'

'ಅಳೆಯಿರಿ ಅಂದ್ನಲ್ಲ.'

ಅಳೆದರು. 'ಹತ್ತು.'

'ಫೋಟೋದಲ್ಲಿರೋ ಬೆರಳೂ ಹತ್ತೇ. ಅದು ತೋಳಿನವನದ್ದಲ್ಲ. ಚಿತ್ರ ಬರೆದವಳದ್ದು.'

ಇವರು ನನ್ನ ಬೆರಳು ನೋಡಿದರು, ಫೋನು ನೋಡಿದರು, ಮತ್ತೆ ಬೆರಳು ನೋಡಿದರು. ಇವರ ಬಾಯಿಂದ ಮೊದಲು ಬಂದದ್ದು, 'ಹಾಗಾದ್ರೆ ಎರಡು ಸರಿ. ಮುಚ್ಚಿಕೊಳ್ಳುತ್ತೆ' ಎಂಬುದು. ಆಮೇಲೆ ಸ್ಕೇಲು ನನ್ನ ಕೈಗೆ ಕೊಟ್ಟು, ಗ್ಲೌಸು ಬಿಚ್ಚಿ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತರು.

'ನಮ್ಮವಳಾ?'

'ಮತ್ತೆ ಯಾರಿಗೆ ಬಂದಿದೆ ಈ ಬೆರಳು?'

ಎಲ್ಲ ಹೇಳಿದೆ. ಲ್ಯಾಬು, ಟೀಚರು, ರಬ್ಬರು, ತೊಡೆ, ನಾಳೆಯ ಡ್ರೈವರು. ಎಡಗೈಯಲ್ಲಿ ಬರೆದ ಕುದುರೆಯನ್ನೂ ಬಿಡಲಿಲ್ಲ. ಇವರು ಕುರ್ಚಿಯ ಕೈಯನ್ನು ಸವರುತ್ತ ಕೇಳಿದರು. ಕೊನೆಗೆ, 'ಚಪ್ಪಲಿ ಅಂದ್ನಾ ನಾನು?' ಎಂದರು.

'ಅಂದ್ರಿ.'

'ಕಳಿಸಿಬಿಟ್ಯಾ?'

'ಇನ್ನೂ ಇಲ್ಲ.'

'ಅಳಿಸು. ಎಲೆ ಚೆನ್ನಾಗೇ ಇದೆ. ಎಲ್ಲ ಚೆನ್ನಾಗಿದೆ. ಸೊಗಸಾಗಿದೆ, ಧೈರ್ಯವಾಗಿ ಹಾಕಿ ಅಂತ ಬರಿ.'

ನನ್ನ ಕೈಯಲ್ಲಿ ಸ್ಕೇಲು ಇದ್ದದ್ದು ಇವರ ಪುಣ್ಯ, ಅದಕ್ಕಿಂತ ಭಾರದ್ದು ಇರಲಿಲ್ಲ. 'ರೀ, ಸಾಯೋವರೆಗೂ ಆ ಹುಳು ಹೊತ್ಕೊಂಡು ತಿರುಗೋನು ಇನ್ನೊಬ್ಬ. ಅವನಿಗೂ ಒಬ್ಬ ಅಪ್ಪ ಇರ್ತಾನೆ. ನಿಮ್ಮ ಮಗಳ ಮನಸ್ಸು ನೋಯುತ್ತೆ ಅಂತ ಅವನ ಮೈಮೇಲೆ ಗುಂಡಿ ಹಾಕಿಸ್ತೀರಾ?'

ಇವರು ಎದ್ದು ಹೋಗಿ ಕೈ ತೊಳೆದರು. ತೊಳೆದ ಕೈಯನ್ನೇ ಇನ್ನೊಮ್ಮೆ ತೊಳೆದರು. ಟಿಶ್ಯೂ ಕಾಗದ ತೆಗೆದು ಎರಡು ಸೆಂಟಿಮೀಟರಿನ ಸುರುಳಿ ಒಂದು, ಮೂರರದ್ದು ಒಂದು ಬರೆದರು. ಒದ್ದೆ ಬೆರಳು ಒತ್ತಿ, ಬಾಗಿಲಿಗೆ ಅಂಟಿಸಿ, ತಾವೇ ಹೋಗಿ ಬೆಂಚಿನ ಮೇಲೆ ಕೂತರು. ಸಣ್ಣದು ನೋಡನೋಡುತ್ತ ನಡುವಿನಿಂದ ಕಪ್ಪಗಾಯಿತು. ದೊಡ್ಡದು ದಪ್ಪಗಾಯಿತು, ಆದರೂ ಸುರುಳಿಯಾಗಿಯೇ ಉಳಿಯಿತು.

'ಬರ್ಕೋ' ಎಂದರು. 'ಎರಡು ಸೆಂಟಿಮೀಟರಿಗೆ ಐದು ಸುತ್ತು ಬೇಡ. ಒಳಗಿನ ಸುತ್ತುಗಳು ಮುಚ್ಚಿಕೊಳ್ಳುತ್ತೆ. ಇಲ್ಲಾ ಸುತ್ತು ಮೂರಕ್ಕೆ ಇಳಿಸಿ, ಇಲ್ಲಾ ಚಿಪ್ಪು ಮೂರು ಸೆಂಟಿಮೀಟರಿಗೆ ಏರಿಸಿ. ತೋಳು ಅಗಲ ಇದೆ, ಜಾಗ ಸಾಲುತ್ತೆ. ಹಾಕಿಸಿಕೊಳ್ಳೋರನ್ನೇ ಕೇಳಿ.' ಮಣಿಕಟ್ಟು, ಇಳಿಬಿಟ್ಟ ಕೈ, ಕೊಂಬಿನ ಚುಕ್ಕೆ ಎಲ್ಲ ಉಳಿಸಿದರು. ಚಪ್ಪಲಿ ಮಾತ್ರ ತೆಗೆಸಿದರು. ಅಲ್ಲಿಗೆ ಅಪ್ಪ ಅರ್ಧ ಬಗ್ಗಿದ, ಅರ್ಧ ಹಾಗೇ ಉಳಿದ ಎಂದುಕೊಂಡೆ. ನಾನೂ ಅದಕ್ಕಿಂತ ಹೆಚ್ಚು ಎಳೆಯಲಿಲ್ಲ.

'ತುಂಬಾ ಥ್ಯಾಂಕ್ಸ್ ಸರ್. ಅವರನ್ನೇ ಕೇಳಿದೆ. ತೋಳಲ್ಲಿ ಜಾಗಕ್ಕೇನು ಬರ, ದೊಡ್ಡದೇ ಹಾಕಿ ಅಂದರು' ಎಂದು ಉತ್ತರ ಬಂತು.

'ಸರ್ ಅಂತ ಬರೆದಿದ್ದಾಳೆ' ಎಂದರು ನಮ್ಮನೆಯವರು. ಆ ಸಂಜೆ ಇನ್ನೂ ಎರಡು ಸಲ ಹಾಗೆಂದರು. 'ನನಗೆ ಗೊತ್ತಿರೋದು ಅವಳಿಗೆ ಹೇಳಬೇಡ' ಎಂದೂ ಹೇಳಿದರು. ಹೀಗೆ ಇಷ್ಟು ದಿನ ಮಗಳ ಗುಟ್ಟನ್ನು ಅಪ್ಪನಿಂದ ಮುಚ್ಚಿಟ್ಟವಳು, ಈಗ ಅಪ್ಪನ ಗುಟ್ಟನ್ನು ಮಗಳಿಂದ ಮುಚ್ಚಿಡುವ ಸ್ಥಿತಿಗೆ ಬಂದೆ. ಅಂಗಡಿಯಲ್ಲಿ ನನಗೆ ಸಂಬಳವಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು.

ಮರುದಿನ ಹಸಿ ಹಚ್ಚೆಯ ಫೋಟೋ ಬಂತು. ಸುತ್ತಲೂ ಕೆಂಪು, ಮೇಲೆ ಹೊಳಪು. ಇವರು ಒಂದು ಸಲ ನೋಡಿ, 'ಇದರಲ್ಲಿ ಏನೂ ಗೊತ್ತಾಗಲ್ಲ. ವಾಸಿ ಆದ ಮೇಲೆ ಕಳಿಸಿ ಅಂತ ಬರಿ' ಎಂದರು. ಎಲ್ಲರಿಗೂ ಹೇಳುವುದನ್ನೇ ಹೇಳಿದರು. ಆದರೆ ನನ್ನ ಫೋನು ಕೇಳಿ ತೆಗೆದುಕೊಂಡು ಆ ಫೋಟೋವನ್ನು ಎಷ್ಟು ಸಲ ನೋಡಿದರೆಂದರೆ, ಬ್ಯಾಟರಿ ಸತ್ತು ಗಿರಾಕಿಗಳ ಕರೆ ತಪ್ಪಿಹೋಯಿತು.

ಒಂದು ತಿಂಗಳು ಕಳೆದ ಮೇಲೆ ವಾಸಿಯಾದ ಹಚ್ಚೆಯ ಫೋಟೋ ಬಂತು. ಹೊಟ್ಟು ಉದುರಿ, ಕೆಂಪು ಹೋಗಿ, ಚರ್ಮ ತನ್ನ ಬಣ್ಣಕ್ಕೆ ಬಂದಿತ್ತು. ಈ ಸಲ ಪಕ್ಕದಲ್ಲಿ ಸ್ಕೇಲು ಇಟ್ಟೇ ತೆಗೆದಿದ್ದಳು. ಕೆಳಗೆ, 'ಟೀಚರ್ ಚೆನ್ನಾಗಿದೆ ಅಂದರು. ಅವರು ಎಲ್ಲರಿಗೂ ಹಾಗೇ ಹೇಳುತ್ತಾರೆ. ನೀವು ಹೇಳಿ ಸರ್' ಎಂದಿತ್ತು.

ಇವರು ಬಾಗಿಲ ಬಳಿ ಬೆಳಕಿಗೆ ಹೋಗಿ ನೋಡಿದರು. ಹುಳು ನೆಟ್ಟಗೆ ಹೋಗುತ್ತಿತ್ತು. ಐದು ಸುತ್ತೂ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಆದರೆ ಇವರ ಹುಬ್ಬು ಒಂದು ಕಡೆ ನಿಂತಿತು. ನಾನೂ ಬಗ್ಗಿ ನೋಡಿದೆ. ಎಡಗೊಂಬಿನ ಬುಡದಲ್ಲಿ, ಗೆರೆಯ ಪಕ್ಕಕ್ಕೆ, ತೆಳುವಾದ ನೀಲಿ ಮಬ್ಬು. ಸೂಜಿ ಆಳಕ್ಕೆ ಹೋದರೆ ಶಾಯಿ ಚರ್ಮದಡಿ ಹೀಗೆ ಹರಡುತ್ತದೆ, ಮತ್ತೆ ತಿದ್ದಲಾಗುವುದಿಲ್ಲ. ಹಸಿಯಾಗಿದ್ದಾಗ ಕೆಂಪಿನಲ್ಲಿ ಮುಚ್ಚಿಹೋಗಿತ್ತು. ಸಾಮಾನ್ಯ ಜನರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಟೀಚರ ಕಣ್ಣಿಗೆ ಬಿದ್ದಿತ್ತೋ ಇಲ್ಲವೋ, ಅವರು ಹೇಳಿರಲಿಲ್ಲ.

'ಬರ್ಕೋ' ಎಂದರು. ನಾನು ಕಾದೆ. 'ಚೆನ್ನಾಗಿ ಬಂದಿದೆ' ಎಂದರು.

ಟೈಪು ಮಾಡಿದೆ. ಮತ್ತೆ ಅದೇ ಕುದುರೆ. ಆದರೆ ನಾನು ಬಾಯಿ ತೆರೆಯಲಿಲ್ಲ. ಒಂದು ಸಲ ಸ್ಕೇಲು ಹಿಡಿದು ಹೇಳಿಸಿದ್ದಾಯಿತು, ಪ್ರತಿ ಸಲವೂ ನಾನೇ ಹೇಳಿಸಿದರೆ ಅದು ಇವರ ಮಾತು ಹೇಗಾಗುತ್ತದೆ? ನನ್ನ ಬೆರಳು ಫೋನಿನ ಮೇಲೆಯೇ ಇತ್ತು.

'ಕಳಿಸಬೇಡ' ಎಂದರು. 'ಕೊಡು ಇಲ್ಲಿ.'

ಇವರು ಫೋನಿನಲ್ಲಿ ಟೈಪು ಮಾಡಿದ್ದನ್ನು ನಾನು ಈವರೆಗೆ ನೋಡಿರಲಿಲ್ಲ. ತೋರುಬೆರಳೊಂದರಲ್ಲೇ, ಒಂದೊಂದು ಅಕ್ಷರವನ್ನೂ ಬಹುಮಾನದ ಕಪ್ಪಿನ ಮೇಲೆ ಕೆತ್ತುವವರ ಹಾಗೆ ಹುಡುಕಿ ಹುಡುಕಿ ಒತ್ತಿದರು. ಕುರ್ಚಿಯಲ್ಲಿ ಗಿರಾಕಿಯೊಬ್ಬ ಅರ್ಧ ಹಚ್ಚೆಯಲ್ಲಿ ತೋಳು ಚಾಚಿಕೊಂಡು ಕಾಯುತ್ತಿದ್ದ. ಅವನಿಗೆ ನೀರು ಕೊಟ್ಟೆ. ಇನ್ನೊಂದು ಲೋಟ ಕೊಟ್ಟೆ. ಕಡೆಗೆ ಇವರು ಕಳಿಸಿ, ಫೋನು ನನ್ನ ಕೈಗಿಟ್ಟು, ಹೊಸ ಗ್ಲೌಸು ಹಾಕಿಕೊಂಡು ಒಳಗೆ ಹೋದರು. ನಾನು ಓದಿದೆ:

'ಎಡಗೊಂಬಿನ ಬುಡದಲ್ಲಿ ಸೂಜಿ ಆಳಕ್ಕೆ ಹೋಗಿದೆ. ನೀಲಿ ಮಬ್ಬು ನೋಡು. ಅದು ಹೋಗಲ್ಲ. ಅಲ್ಲಿ ಚರ್ಮ ತೆಳು, ಕೈ ಹಗುರ ಇರಬೇಕಿತ್ತು. ನೀನು ರಕ್ತ ತೆಗೆಯೋಳು, ಒಳಗೆ ಹೋಗೋದು ಅಭ್ಯಾಸ ಆಗಿದೆ. ಇಲ್ಲಿ ಮೇಲೇ ನಿಲ್ಲಬೇಕು. ಎಲೆ ಚಪ್ಪಲಿ ಥರ ಇದೆ. ಆವತ್ತೇ ಹೇಳಬೇಕಿತ್ತು. ಸುರುಳಿ ಸರಿಯಾಗಿದೆ. ಅಪ್ಪ.'

ನನ್ನ ಕಣ್ಣು ತುಂಬಿ ಬಂತು. ನಾಚಿಕೆಯಿಲ್ಲದೆ ಒಳಗಿನ ಗಿರಾಕಿಗೆ ಕೇಳುವಂತೆಯೇ ಅತ್ತೆ. ಅವನು ತನ್ನ ಹಚ್ಚೆ ಕೆಟ್ಟಿತೆಂದು ತಿಳಿದು ಎದ್ದು ಕೂತ.

ಬಹಳ ಹೊತ್ತು ಉತ್ತರ ಬರಲಿಲ್ಲ. ಒಳಗೆ ಮಷೀನು ನಡುನಡುವೆ ನಿಲ್ಲುತ್ತಿತ್ತು. ಇವರು ಕಿವಿ ಇತ್ತ ಇಟ್ಟಿದ್ದಾರೆಂದು ಗೊತ್ತಾಗುತ್ತಿತ್ತು. ಆಮೇಲೆ ಫೋನು ಹೊಡೆದುಕೊಂಡಿತು. ಎತ್ತಿದರೆ ಆ ಕಡೆ ನಗುವೋ ಅಳುವೋ ಒಂದೂ ತಿಳಿಯದು.

'ಅಮ್ಮಾ, ಅಪ್ಪ ಬೈದ್ರು!'

'ಹೂಂ ಕಣೇ, ಓದಿದೆ.'

'ಚಪ್ಪಲಿ ಥರ ಅಂತೆ ಅಮ್ಮಾ, ನನ್ನ ಎಲೆ!' ಎಂದು ಲ್ಯಾಬಿಗೆಲ್ಲ ಕೇಳುವ ಹಾಗೆ ಕೂಗಿದಳು. ಶಾಲೆಯಲ್ಲಿ ಬಹುಮಾನ ಬಂದಾಗಲೂ ಅವಳು ಹಾಗೆ ಕೂಗಿದವಳಲ್ಲ. 'ಕೊಡು ಅವರಿಗೆ, ಫೋನ್ ಕೊಡು.'

ಇವರು ಗ್ಲೌಸಿನ ಕೈ ಮೇಲೆತ್ತಿಕೊಂಡು ಹೊರಗೆ ಬಂದರು. ಫೋನನ್ನು ನಾನೇ ಕಿವಿಗೆ ಹಿಡಿದೆ. ಹೇಗಿದ್ದೀಯ, ಊಟ ಆಯ್ತಾ ಎಂದು ಕೇಳಲಿಲ್ಲ ಪುಣ್ಯಾತ್ಮರು. ಗಂಟಲು ಸರಿಮಾಡಿಕೊಂಡು, 'ಆ ಕೊಂಬಿಗೆ ಯಾವ ಸೂಜಿ ಹಾಕಿದ್ದೆ?' ಎಂದರು. ಅವಳು ಏನೋ ಹೇಳಿದಳು. 'ಅದೇ ತಪ್ಪು' ಎಂದರು.

ಆ ಕಡೆಯಿಂದ ಅವಳು ವಾದಕ್ಕೆ ನಿಂತಳು, ಈ ಕಡೆ ಇವರು ಸೋಲಲಿಲ್ಲ. ಗಿರಾಕಿ ಇನ್ನೊಂದು ಲೋಟ ನೀರು ಕೇಳಿದ. ನಾನು ಫೋನು ಹಿಡಿದೇ ನಿಂತಿದ್ದೆ, ಕೈ ನೋಯುತ್ತಿತ್ತು. ಅಪ್ಪ ಮಗಳು ಹಾಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.